ಸೋರಿದ್ದು ಕಾರ್ಡ್ ವಿವರ, ಬದಲಿಸಿ ಎಂದದ್ದು ಪಾಸ್‌ವರ್ಡ್

2021ರ ಮೇ ತಿಂಗಳಲ್ಲಿ ಏರ್ ಇಂಡಿಯಾ ತನ್ನ ಪ್ರಯಾಣಿಕರಿಗೆ ಒಂದು ಇ-ಮೇಲ್ ಕಳಿಸಿತು. ವಿಮಾನಯಾನ ಸಂಸ್ಥೆಯ ಪ್ರಯಾಣಿಕರ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ಸಿಟಾ ಎಂಬ ಕಂಪನಿಯ ಮೇಲೆ ಸೈಬರ್ ದಾಳಿ ನಡೆದಿದೆ, ಜಗತ್ತಿನಾದ್ಯಂತ ಸುಮಾರು 45 ಲಕ್ಷ ಜನರ ಮಾಹಿತಿ ಸೋರಿದೆ ಎಂಬುದು ಅದರ ಸಾರ. 2011ರ ಆಗಸ್ಟ್ 26ರಿಂದ 2021ರ ಫೆಬ್ರವರಿ 3ರವರೆಗೆ ದಾಖಲಾದ ಹೆಸರು, ಹುಟ್ಟಿದ ದಿನಾಂಕ, ಫೋನ್ ಮತ್ತು ವಿಳಾಸ, ಪಾಸ್‌ಪೋರ್ಟ್ ವಿವರ, ಟಿಕೆಟ್ ವಿವರ, ಕ್ರೆಡಿಟ್ ಕಾರ್ಡ್ ವಿವರ ಎಲ್ಲವೂ ಆ ಪಟ್ಟಿಯಲ್ಲಿದ್ದವು.

ಪತ್ರದಲ್ಲಿ ಸುಳ್ಳೇನೂ ಇರಲಿಲ್ಲ. ಪಾಸ್‌ವರ್ಡ್‌ಗಳು ಸೋರಿಲ್ಲ, ಕಾರ್ಡಿನ ಹಿಂಬದಿಯ ಮೂರಂಕಿಯ ಸಿವಿವಿ ಸಿಟಾ ಬಳಿ ಇರಲೇ ಇಲ್ಲ ಎಂದೂ ಅದು ಹೇಳಿತ್ತು. ಆದರೆ ಕೊನೆಗೆ ಪ್ರಯಾಣಿಕರಿಗೆ ಕೊಟ್ಟ ಸಲಹೆ ಒಂದೇ: ಅಗತ್ಯವಿರುವ ಕಡೆ ಪಾಸ್‌ವರ್ಡ್ ಬದಲಿಸಿಕೊಳ್ಳಿ. ಸೋರದೆ ಉಳಿದದ್ದನ್ನು ಬದಲಿಸಲು ಹೇಳಿದ ಪತ್ರ, ಸೋರಿಹೋದ ಕಾರ್ಡ್ ಮತ್ತು ಪಾಸ್‌ಪೋರ್ಟ್ ಬಗ್ಗೆ ಪ್ರಯಾಣಿಕರು ಏನು ಮಾಡಬೇಕೆಂದು ಹೇಳಲಿಲ್ಲ.

ಇಂಥ ಪತ್ರಗಳನ್ನು ಹೆಚ್ಚಾಗಿ ಕಾನೂನು ವಿಭಾಗದವರು ಕಂಪನಿಯನ್ನು ಕಾಪಾಡುವ ಉದ್ದೇಶದಿಂದ ಬರೆಯುತ್ತಾರೆ. ಹಾಗಾಗಿ ದಾಳಿಗೆ ತುತ್ತಾದವರು ಯಾರು, ತನಿಖೆಗೆ ಯಾರನ್ನು ನೇಮಿಸಲಾಯಿತು, ಸರ್ವರುಗಳನ್ನು ಹೇಗೆ ಭದ್ರಪಡಿಸಲಾಯಿತು ಎಂಬುದೇ ಮುಂದೆ ಬಂದು ನಿಲ್ಲುತ್ತದೆ. ಓದುಗನ ತಲೆಯಲ್ಲಿರುವುದು ಬೇರೆ ಪ್ರಶ್ನೆಗಳು. ನನ್ನದು ಏನು ಹೋಯಿತು? ಅದರಿಂದ ನನಗೇನಾದೀತು? ನಾನೀಗ ಏನು ಮಾಡಲಿ? ಪತ್ರವನ್ನು ತಿದ್ದುವವರು ಮೊದಲು ಈ ಮೂರಕ್ಕೆ ಉತ್ತರ ಬರೆದು, ಉಳಿದದ್ದನ್ನು ಅದರ ಕೆಳಗೆ ಇಡಬೇಕು.

ಮೊದಲ ಪ್ರಶ್ನೆ ತಾರೀಖಿನಿಂದ ಶುರುವಾಗುತ್ತದೆ. ದಾಳಿ ನಡೆದದ್ದು 'ಇತ್ತೀಚೆಗೆ' ಎಂದು ಪತ್ರ ಹೇಳುತ್ತಿತ್ತು. ಸಿಟಾ ಏರ್ ಇಂಡಿಯಾಕ್ಕೆ ಮೊದಲ ಸುದ್ದಿ ಮುಟ್ಟಿಸಿದ್ದು ಫೆಬ್ರವರಿ 25ರಂದು. ಯಾರ ಯಾರ ಮಾಹಿತಿ ಹೋಗಿದೆ ಎಂಬ ವಿವರ ಕೈಸೇರಿದ್ದು ಮಾರ್ಚ್ 25 ಮತ್ತು ಏಪ್ರಿಲ್ 5ರಂದು. ಈ ತಾರೀಖುಗಳು ಓದುಗನಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಫೆಬ್ರವರಿಯಿಂದೀಚೆಗೆ ಕಾರ್ಡಿನ ಲೆಕ್ಕಪಟ್ಟಿಯಲ್ಲಿ ಗುರುತು ಸಿಗದ ಖರ್ಚೇನಾದರೂ ಇದೆಯೇ ಎಂದು ಅವನು ಹಿಂದಕ್ಕೆ ಹೋಗಿ ನೋಡಬಹುದು. 'ಇತ್ತೀಚೆಗೆ' ಎಂದರೆ ಎಲ್ಲಿಂದ ನೋಡಬೇಕೆಂಬುದೇ ತಿಳಿಯುವುದಿಲ್ಲ.

ಎರಡನೆಯದು ಅಪಾಯ. ಸೋರಿದ ಒಂದೊಂದು ವಿವರವನ್ನೂ ಕೈಗೆತ್ತಿಕೊಂಡು, ಕಳ್ಳ ಇದರಿಂದ ಏನು ಮಾಡಬಲ್ಲ ಎಂದು ಕೇಳಬೇಕು. ಸಿವಿವಿ ಇಲ್ಲದ ಕಾರ್ಡ್ ಸಂಖ್ಯೆಯಿಂದ ಭಾರತದ ಜಾಲತಾಣಗಳಲ್ಲಿ ಖರೀದಿ ಕಷ್ಟ, ಇಲ್ಲಿ ಒಟಿಪಿಯಂಥ ಎರಡನೇ ತಪಾಸಣೆ ಇರುತ್ತದೆ. ವಿದೇಶದ ಕೆಲವು ವ್ಯಾಪಾರಿಗಳು ಇವೆರಡನ್ನೂ ಕೇಳದೆ ಹಣ ಕಡಿತಗೊಳಿಸಬಲ್ಲರು. ಪಾಸ್‌ಪೋರ್ಟ್ ಸಂಖ್ಯೆಯೊಂದನ್ನೇ ಹಿಡಿದು ಯಾರೂ ಗಡಿ ದಾಟಲಾರರು. ಹತ್ತು ವರ್ಷದ ಹಿಂದಿನ ಕಾರ್ಡಿನ ಅವಧಿ ಎಂದೋ ಮುಗಿದಿರುತ್ತದೆ, ಹುಟ್ಟಿದ ದಿನಾಂಕ ಮಾತ್ರ ಬದಲಾಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಈ ವಿವರಗಳೆಲ್ಲ ಒಬ್ಬನ ಕೈಯಲ್ಲಿ ಒಟ್ಟಿಗೆ ಸೇರಿದಾಗ ಹುಟ್ಟುತ್ತದೆ. 2020ರಲ್ಲಿ ಕೋವಿಡ್‌ನಿಂದಾಗಿ ಅಸಂಖ್ಯಾತ ವಿಮಾನಗಳು ರದ್ದಾಗಿದ್ದವು. "ಸರ್, ನಿಮ್ಮ ರದ್ದಾದ ಟಿಕೆಟ್‌ನ ಹಣ ವಾಪಸ್ ಬರಬೇಕಿದೆ" ಎಂದು ಫೋನ್ ಮಾಡಿದವನು ಹೆಸರು, ಪ್ರಯಾಣದ ದಿನ, ಪಾಸ್‌ಪೋರ್ಟ್ ಸಂಖ್ಯೆಯನ್ನೆಲ್ಲ ತಾನೇ ಸರಿಯಾಗಿ ಓದಿ ಹೇಳಿದರೆ ನಂಬದೆ ಇರುವವರು ಕಡಿಮೆ. ಅವನಿಗೆ ಆಮೇಲೆ ಬೇಕಿರುವುದು ಒಂದು ಒಟಿಪಿ ಮಾತ್ರ. ಎಚ್ಚರಿಕೆ ಪತ್ರದಲ್ಲಿ ಇರಲೇಬೇಕಾದ ಮಾತು ಇದು.

ಮೂರನೆಯದು ಕ್ರಮ. ಪ್ರತಿ ಅಪಾಯಕ್ಕೂ ಮನೆಯಲ್ಲಿ ಕೂತು ಮಾಡಬಹುದಾದ ಒಂದು ಕೆಲಸವನ್ನು ಅದರ ಪಕ್ಕದಲ್ಲೇ ಹೇಳಬೇಕು. 'ಜಾಗರೂಕರಾಗಿರಿ' ಎಂಬುದು ಕೆಲಸವಲ್ಲ, 'ಬ್ಯಾಂಕಿಗೆ ಫೋನ್ ಮಾಡಿ ಹೊಸ ಕಾರ್ಡ್ ಕೇಳಿ' ಎಂಬುದು ಕೆಲಸ. ರಿಸರ್ವ್ ಬ್ಯಾಂಕಿನ ನಿಯಮದಿಂದಾಗಿ 2020ರ ಅಕ್ಟೋಬರ್‌ನಿಂದ ಕಾರ್ಡಿನ ವಿದೇಶಿ ವ್ಯವಹಾರವನ್ನು ಗ್ರಾಹಕರೇ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಅಥವಾ ಆಫ್ ಮಾಡಬಹುದಾಗಿದೆ. ಪ್ರಯಾಣಿಕರ ಕೈಯಲ್ಲೇ ಇದ್ದ ಈ ಉಪಾಯವನ್ನು ಪತ್ರ ನೆನಪಿಸಬಹುದಿತ್ತು.

ಇಷ್ಟನ್ನು ಒಟ್ಟುಗೂಡಿಸಿದರೆ, ಅದೇ ಪತ್ರವನ್ನು ಹೀಗೆ ಬರೆಯಲು ಸಾಧ್ಯವಿತ್ತು:

"ನಮ್ಮ ಟಿಕೆಟ್ ದಾಖಲೆಗಳನ್ನು ಸಿಟಾ ಎಂಬ ಕಂಪನಿ ಇಟ್ಟುಕೊಳ್ಳುತ್ತದೆ. ಅದರ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗಿದ್ದಾರೆಂದು ಫೆಬ್ರವರಿ 25ರಂದು ನಮಗೆ ತಿಳಿಯಿತು. ನಿಮ್ಮ ಹೆಸರು, ಹುಟ್ಟಿದ ದಿನಾಂಕ, ಫೋನ್ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆ, ಟಿಕೆಟ್ ವಿವರ ಮತ್ತು ಕ್ರೆಡಿಟ್ ಕಾರ್ಡ್ ವಿವರ ಸೋರಿವೆ. ಪಾಸ್‌ವರ್ಡ್ ಮತ್ತು ಸಿವಿವಿ ಸೋರಿಲ್ಲ. ಮಾಹಿತಿಯನ್ನು ನೀವು ಒಪ್ಪಿಸಿದ್ದು ನಮಗೆ, ಆದ್ದರಿಂದ ಇದಕ್ಕೆ ನಾವೇ ಕ್ಷಮೆ ಕೇಳುತ್ತೇವೆ.

ಇವತ್ತೇ ಮಾಡಿ: ನಮ್ಮಲ್ಲಿ ಟಿಕೆಟ್ ಕೊಳ್ಳಲು ಬಳಸಿದ ಕಾರ್ಡ್ ಇನ್ನೂ ಚಾಲ್ತಿಯಲ್ಲಿದ್ದರೆ ಬ್ಯಾಂಕಿನಿಂದ ಹೊಸ ಕಾರ್ಡ್ ಪಡೆಯಿರಿ. ಅದು ಬರುವವರೆಗೆ ವಿದೇಶಿ ವ್ಯವಹಾರ ಆಫ್ ಮಾಡಿ. ಫೆಬ್ರವರಿಯಿಂದ ಇಲ್ಲಿಯವರೆಗಿನ ಕಾರ್ಡ್ ಲೆಕ್ಕ ನೋಡಿ, ನಿಮ್ಮದಲ್ಲದ ಖರ್ಚಿದ್ದರೆ ಕೂಡಲೇ ಬ್ಯಾಂಕಿಗೆ ತಿಳಿಸಿ.

ಮುಂದೆಯೂ ನೆನಪಿಡಿ: ನಿಮ್ಮ ಟಿಕೆಟ್ ವಿವರ ಹೇಳಿ ಯಾರೇ ಫೋನ್ ಮಾಡಿದರೂ ಒಟಿಪಿ ಕೊಡಬೇಡಿ. ನಾವು ಒಟಿಪಿ ಕೇಳುವುದಿಲ್ಲ. ಅನುಮಾನ ಬಂದರೆ ಫೋನ್ ಇಟ್ಟು, ನಿಮ್ಮ ಟಿಕೆಟ್ ಮೇಲಿರುವ ಸಂಖ್ಯೆಗೆ ನೀವೇ ಕರೆ ಮಾಡಿ."

ಹೀಗೆ ಬರೆಯುವಾಗ ಎರಡು ತೊಡಕು ಎದುರಾಗುತ್ತವೆ. ಮೊದಲನೆಯದು, ಎಲ್ಲರಿಂದಲೂ ಒಂದೇ ರೀತಿಯ ವಿವರ ಸೋರಿರುವುದಿಲ್ಲ. ಒಬ್ಬರ ಕಾರ್ಡ್ ಹೋಗಿದ್ದರೆ ಇನ್ನೊಬ್ಬರ ಹೆಸರು ಮತ್ತು ಫೋನ್ ಮಾತ್ರ ಹೋಗಿರುತ್ತದೆ. ಎಲ್ಲರಿಗೂ ಒಂದೇ ಪತ್ರ ಕಳಿಸಿದರೆ 'ಇವುಗಳಲ್ಲಿ ಕೆಲವು ಸೋರಿರಬಹುದು' ಎಂದೇ ಬರೆಯಬೇಕಾಗುತ್ತದೆ. ಪಟ್ಟಿಯನ್ನು ವಿಂಗಡಿಸಿ ಎರಡು ಮೂರು ಬಗೆಯ ಪತ್ರ ಸಿದ್ಧಪಡಿಸಿದರೆ 'ನಿಮ್ಮ ಕಾರ್ಡ್ ವಿವರ ಸೋರಿದೆ' ಎಂದು ಖಚಿತವಾಗಿ ಹೇಳಬಹುದು. ನಿಜವಾಗಿಯೂ ಗೊತ್ತಿಲ್ಲದ ಸಂಗತಿಯಿದ್ದರೆ, ಗೊತ್ತಿಲ್ಲ ಎಂದೂ ಮುಂದಿನ ವಿವರ ಯಾವ ದಿನ ತಿಳಿಸುತ್ತೇವೆಂದೂ ಬರೆಯಬೇಕು.

ಎರಡನೆಯದು, ಸೋರಿಕೆಯ ಸುದ್ದಿ ಹರಡಿದೊಡನೆ ವಂಚಕರೂ ಅದೇ ಕಂಪನಿಯ ಹೆಸರಲ್ಲಿ 'ಎಚ್ಚರಿಕೆ' ಕಳಿಸತೊಡಗುತ್ತಾರೆ. ಅದಕ್ಕೇ ಅಸಲಿ ಪತ್ರದಲ್ಲಿ ಒತ್ತುವ ಲಿಂಕ್ ಇಲ್ಲದಿರುವುದು ಮೇಲು. ಜಾಲತಾಣದ ವಿಳಾಸವನ್ನು ಓದುಗನೇ ಟೈಪ್ ಮಾಡಲಿ, ಅಲ್ಲಿಯೂ ಅದೇ ಪತ್ರ ಇರಲಿ.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಪತ್ರಕ್ಕೆ ಶೀರ್ಷಿಕೆಗಳನ್ನೇ ಕಾನೂನು ಗೊತ್ತುಮಾಡಿದೆ: ಏನಾಯಿತು, ಯಾವ ಮಾಹಿತಿ, ನಾವೇನು ಮಾಡುತ್ತಿದ್ದೇವೆ, ನೀವೇನು ಮಾಡಬಹುದು, ಹೆಚ್ಚಿನ ವಿವರ. ಅಕ್ಷರದ ಗಾತ್ರ 10 ಪಾಯಿಂಟ್‌ಗಿಂತ ಚಿಕ್ಕದಿರುವಂತಿಲ್ಲ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು. ಸೋರಿಕೆಯ ಸ್ವರೂಪ ಮತ್ತು ಸಮಯ, ಅದರಿಂದ ಆ ವ್ಯಕ್ತಿಗೆ ಆಗಬಹುದಾದ ಪರಿಣಾಮ, ಕಂಪನಿ ಕೈಗೊಂಡ ಕ್ರಮ, ವ್ಯಕ್ತಿ ತೆಗೆದುಕೊಳ್ಳಬಹುದಾದ ಎಚ್ಚರಿಕೆ, ಉತ್ತರ ಕೊಡಬಲ್ಲವರ ಸಂಪರ್ಕ ಇವಿಷ್ಟನ್ನೂ ತಡಮಾಡದೆ, ಸರಳವಾಗಿ ತಿಳಿಸಬೇಕೆಂದು ಅವು ಹೇಳುತ್ತವೆ. ಈ ಭಾಗ ಜಾರಿಗೆ ಬರುವುದು ಪ್ರಕಟಣೆಯ 18 ತಿಂಗಳ ನಂತರ. ತಿಳಿಸದೆ ಮುಚ್ಚಿಟ್ಟರೆ 200 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು.

ನಿಮಗೆ ಇಂಥ ಪತ್ರ ಬಂದಾಗ ಅದರಲ್ಲಿ ನಿಮ್ಮ ಯಾವ ಮಾಹಿತಿ ಹೋಯಿತೆಂಬುದು ಸ್ಪಷ್ಟವಿಲ್ಲದಿದ್ದರೆ ಕಂಪನಿಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಅಷ್ಟರೊಳಗೆ ಹಣ ಹೋಗಿದ್ದರೆ ಉತ್ತರಕ್ಕಾಗಿ ಕಾಯಬೇಡಿ. ಮೊದಲು ಬ್ಯಾಂಕಿಗೂ 1930 ಸಹಾಯವಾಣಿಗೂ ಕರೆ ಮಾಡಿ.