ಗ್ರಾಮೀಣ ಕುಟುಂಬಗಳ ಸಮೀಕ್ಷೆ: ಮಾದರಿ ಆಯ್ಕೆ ವಿಧಾನವನ್ನು ನಿರ್ಧರಿಸುವ ಬಗ್ಗೆ ಮಾಹಿತಿ

ಸ್ನಾತಕೋತ್ತರ ವ್ಯಾಸಂಗದ ಸಂಶೋಧನಾ ವಿಧಾನ ಪತ್ರಿಕೆಯ ಅಂಗವಾಗಿ ಗ್ರಾಮಗಳಲ್ಲಿ ಕುಟುಂಬ ಸಮೀಕ್ಷೆ ಕೈಗೊಳ್ಳುವ ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಮಾದರಿ ಆಯ್ಕೆಯ ಕ್ರಮವನ್ನು ಉದಾಹರಣೆ ಸಹಿತ ಇಲ್ಲಿ ವಿವರಿಸಲಾಗಿದೆ.

ಮೊದಲು ಪರಿಶೀಲಿಸಬೇಕಾದ ಅಂಶ

ವಿಧಾನವನ್ನು ನಿರ್ಧರಿಸುವ ಮೊದಲು, ಸಮೀಕ್ಷೆಗೆ ಒಳಪಡುವ ಎಲ್ಲ ಕುಟುಂಬಗಳ ಪಟ್ಟಿ ಲಭ್ಯವಿದೆಯೇ ಎಂಬುದನ್ನು ನೋಡತಕ್ಕದ್ದು. ಪಟ್ಟಿ ಇದ್ದು, ಕುಟುಂಬಗಳು ಹತ್ತಿರದಲ್ಲಿಯೇ ಇದ್ದಲ್ಲಿ ಸರಳ ಯಾದೃಚ್ಛಿಕ ಆಯ್ಕೆ ಸಾಕು. ಮತದಾರರ ಪಟ್ಟಿಯನ್ನು ಕುಟುಂಬಗಳ ಪಟ್ಟಿಯೆಂದು ಬಳಸುವುದು ಸರಿಯಲ್ಲ. ಅದು 18 ವರ್ಷ ತುಂಬಿ ಹೆಸರು ನೋಂದಾಯಿಸಿಕೊಂಡವರ ಪಟ್ಟಿ. ಹೊಸದಾಗಿ ಬಂದು ನೆಲೆಸಿದ ಕುಟುಂಬಗಳು ಅದರಲ್ಲಿ ಬಿಟ್ಟುಹೋಗಿರಬಹುದು.

ಗ್ರಾಮಗಳ ಪಟ್ಟಿ ಮಾತ್ರ ಇದ್ದಲ್ಲಿ ಎರಡು ಹಂತಗಳಲ್ಲಿ ಆಯ್ಕೆ ಮಾಡಬೇಕಾಗುತ್ತದೆ: ಮೊದಲು ಗ್ರಾಮಗಳು, ನಂತರ ಅವುಗಳೊಳಗಿನ ಕುಟುಂಬಗಳು.

ಉದಾಹರಣೆ

ಒಂದು ಹೋಬಳಿಯಲ್ಲಿ 40 ಗ್ರಾಮಗಳು, ಒಟ್ಟು 8000 ಕುಟುಂಬಗಳು ಇವೆ ಎಂದು ಭಾವಿಸಿ. ನಳದ ನೀರಿನ ಸಂಪರ್ಕವಿರುವ ಕುಟುಂಬಗಳ ಪ್ರಮಾಣವನ್ನು ತಿಳಿಯಲು 10 ಗ್ರಾಮಗಳಿಂದ ತಲಾ 20ರಂತೆ 200 ಕುಟುಂಬಗಳನ್ನು ಆಯ್ಕೆ ಮಾಡಬೇಕಾಗಿದೆ.

ಎಲ್ಲ ಗ್ರಾಮಗಳ ಹೆಸರಿನ ಚೀಟಿ ಹಾಕಿ 10 ಚೀಟಿ ಎತ್ತಿದರೆ ಪ್ರತಿ ಗ್ರಾಮಕ್ಕೂ 1/4 ಅವಕಾಶವಿರುತ್ತದೆ. ಆಗ 400 ಕುಟುಂಬಗಳ ಗ್ರಾಮದಲ್ಲಿನ ಒಂದು ಕುಟುಂಬಕ್ಕೆ ದೊರೆಯುವ ಅವಕಾಶ 1/4 × 20/400, ಅಂದರೆ 1/80. ಆದರೆ 40 ಕುಟುಂಬಗಳ ಗ್ರಾಮದಲ್ಲಿ ಅದು 1/4 × 20/40, ಅಂದರೆ 1/8. ಸಣ್ಣ ಗ್ರಾಮದ ಕುಟುಂಬಕ್ಕೆ ಹತ್ತು ಪಟ್ಟು ಹೆಚ್ಚು ಅವಕಾಶ ದೊರೆತಂತಾಯಿತು. ಸಣ್ಣ ಗ್ರಾಮಗಳಲ್ಲಿ ಸಂಪರ್ಕ ಕಡಿಮೆ ಇದ್ದಲ್ಲಿ, ನೇರವಾಗಿ ತೆಗೆದ ಶೇಕಡಾವಾರು ವಾಸ್ತವಕ್ಕಿಂತ ಕಡಿಮೆ ಬರುವ ಸಂಭವವಿರುತ್ತದೆ.

ಗಾತ್ರಕ್ಕೆ ಅನುಗುಣವಾದ ಆಯ್ಕೆ

ಗ್ರಾಮದ ಗಾತ್ರಕ್ಕೆ ತಕ್ಕಂತೆ ಅವಕಾಶ ನೀಡುವುದು ಇದಕ್ಕೆ ಪರಿಹಾರ. ಅಮೆರಿಕದ ಜನಗಣತಿ ಸಂಸ್ಥೆಯಲ್ಲಿದ್ದ ಮಾರಿಸ್ ಹ್ಯಾನ್ಸನ್ ಮತ್ತು ವಿಲಿಯಂ ಹರ್ವಿಟ್ಜ್ ಅವರು 1943ರಲ್ಲಿ ಈ ಕುರಿತು ಲೇಖನ ಪ್ರಕಟಿಸಿದರು. ಇದರ ಕ್ರಮ ಈ ಕೆಳಕಂಡಂತಿದೆ.

1. ಗ್ರಾಮಗಳನ್ನು ಸಾಲಾಗಿ ಬರೆದು ಕುಟುಂಬಗಳ ಸಂಖ್ಯೆಯನ್ನು ಕೂಡಿಸುತ್ತಾ ಹೋಗಬೇಕು. ಮೊದಲ ಮೂರು ಗ್ರಾಮಗಳಲ್ಲಿ 150, 400 ಮತ್ತು 40 ಕುಟುಂಬಗಳಿದ್ದರೆ ಸಂಚಿತ ಮೊತ್ತ 150, 550 ಮತ್ತು 590 ಆಗುತ್ತದೆ.

2. ಒಟ್ಟು 8000ವನ್ನು 10ರಿಂದ ಭಾಗಿಸಿದರೆ ಅಂತರ 800 ಬರುತ್ತದೆ. 1ರಿಂದ 800ರೊಳಗೆ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಆರಿಸಬೇಕು. ಅದು 317 ಆದರೆ, 151ರಿಂದ 550ರವರೆಗಿನ ಸಂಖ್ಯೆಗಳುಳ್ಳ ಎರಡನೆಯ ಗ್ರಾಮ ಆಯ್ಕೆಯಾಗುತ್ತದೆ. ನಂತರ 1117, 1917 ಹೀಗೆ 7517ರವರೆಗೆ ಮುಂದುವರಿಯಬೇಕು.

3. ಆಯ್ಕೆಯಾದ ಗ್ರಾಮದಲ್ಲಿ ಎಲ್ಲ ಮನೆಗಳನ್ನೂ ಪಟ್ಟಿ ಮಾಡಿ, 20 ಕುಟುಂಬಗಳನ್ನು ಯಾದೃಚ್ಛಿಕವಾಗಿ ಆರಿಸಬೇಕು.

ಈಗ ದೊಡ್ಡ ಗ್ರಾಮದ ಕುಟುಂಬದ ಅವಕಾಶ 1/2 × 20/400, ಸಣ್ಣ ಗ್ರಾಮದ್ದು 1/20 × 20/40. ಎರಡೂ 1/40 ಆಗುತ್ತವೆ.

ಹಳೆಯ ಅಂಕಿಅಂಶಗಳ ತೊಡಕು

ಗ್ರಾಮವಾರು ಕುಟುಂಬಗಳ ಸಂಖ್ಯೆಯನ್ನು 2011ರ ಜನಗಣತಿಯಿಂದ ಪಡೆದಿದ್ದಲ್ಲಿ, ಸ್ಥಳದಲ್ಲಿ ಬೇರೆ ಸಂಖ್ಯೆ ಕಂಡುಬರಬಹುದು. 40 ಎಂದು ದಾಖಲಾದ ಗ್ರಾಮದಲ್ಲಿ ಈಗ 80 ಕುಟುಂಬಗಳಿದ್ದರೆ, ಅವಕಾಶ 1/20 × 20/80, ಅಂದರೆ 1/80ಕ್ಕೆ ಇಳಿಯುತ್ತದೆ. ಅಂತಹ ಗ್ರಾಮದ ಪ್ರತಿ ಉತ್ತರಕ್ಕೂ ಲೆಕ್ಕದಲ್ಲಿ ಎರಡು ಪಟ್ಟು ತೂಕ ನೀಡತಕ್ಕದ್ದು. ಆದ್ದರಿಂದ ಪಟ್ಟಿ ಮಾಡಿದಾಗ ದೊರೆತ ಸಂಖ್ಯೆಯನ್ನು ತಪ್ಪದೇ ಬರೆದಿಡಬೇಕು. ಅದನ್ನು ಬರೆದಿಡದಿದ್ದಲ್ಲಿ ನಂತರ ಸರಿಪಡಿಸಲು ಸಾಧ್ಯವಾಗುವುದಿಲ್ಲ.

ಗ್ರಾಮಗಳೆಷ್ಟು, ಕುಟುಂಬಗಳೆಷ್ಟು?

ಒಂದೇ ಗ್ರಾಮದ ಮನೆಗಳಿಗೆ ಸಾಮಾನ್ಯವಾಗಿ ಒಂದೇ ನೀರಿನ ಟ್ಯಾಂಕ್ ಇರುವುದರಿಂದ ಅವರ ಉತ್ತರಗಳೂ ಹೋಲುತ್ತವೆ. ಇಪ್ಪತ್ತನೆಯ ಮನೆಯಿಂದ ಹೊಸ ಮಾಹಿತಿ ಹೆಚ್ಚಾಗಿ ಸಿಗುವುದಿಲ್ಲ. ಈ ಹೋಲಿಕೆಯ ಪ್ರಮಾಣವನ್ನು 0.1 ಎಂದಿಟ್ಟುಕೊಂಡರೆ, ಫಲಿತಾಂಶದ ಏರಿಳಿತ 1 + (20 − 1) × 0.1, ಅಂದರೆ 2.9 ಪಟ್ಟಾಗುತ್ತದೆ. 200 ಕುಟುಂಬಗಳ ಮಾದರಿಯು ಸುಮಾರು 69 ಕುಟುಂಬಗಳ ಸರಳ ಯಾದೃಚ್ಛಿಕ ಮಾದರಿಗೆ ಸಮನಾಗುತ್ತದೆ. 20 ಗ್ರಾಮಗಳಿಂದ ತಲಾ 10 ಕುಟುಂಬ ಪಡೆದರೆ ಅದೇ 200 ಸುಮಾರು 105ಕ್ಕೆ ಸಮ. ಪ್ರಯಾಣಕ್ಕೆ ಅವಕಾಶವಿದ್ದಲ್ಲಿ ಗ್ರಾಮಗಳ ಸಂಖ್ಯೆಯನ್ನು ಹೆಚ್ಚಿಸುವುದೇ ಸೂಕ್ತ.

ಪ್ರಬಂಧದಲ್ಲಿ ನಮೂದಿಸಬೇಕಾದ ವಿವರಗಳು

ಗ್ರಾಮಗಳ ಪಟ್ಟಿಯ ಮೂಲ ಮತ್ತು ವರ್ಷ, ಆರಂಭಿಕ ಯಾದೃಚ್ಛಿಕ ಸಂಖ್ಯೆ, ಪ್ರತಿ ಗ್ರಾಮದ ದಾಖಲಿತ ಹಾಗೂ ಸ್ಥಳದಲ್ಲಿ ದೊರೆತ ಕುಟುಂಬಗಳ ಸಂಖ್ಯೆ, ಬೀಗ ಹಾಕಿದ್ದ ಮನೆಗಳ ಸಂಖ್ಯೆ. ಬೀಗ ಹಾಕಿದ ಮನೆಗೆ ಬದಲಾಗಿ ಪಕ್ಕದ ಮನೆಯನ್ನು ಸೇರಿಸಿಕೊಳ್ಳಬಾರದು. ಕೂಲಿಗೆ ಹೋದವರು ಬಿಟ್ಟುಹೋಗಿ, ಹಗಲಿನಲ್ಲಿ ಮನೆಯಲ್ಲಿರುವವರೇ ಮಾದರಿಯಲ್ಲಿ ಹೆಚ್ಚಾಗುತ್ತಾರೆ. ಸಂಜೆ ಅಥವಾ ರಜಾ ದಿನದಂದು ಮತ್ತೊಮ್ಮೆ ಭೇಟಿ ನೀಡತಕ್ಕದ್ದು.