ಎತ್ತಿ ಬರೆದ ಮಾತಿನ ಮುಂದೆ ಹಿಂದೆ

ಹತ್ತನೇ ತರಗತಿಯ ಕನ್ನಡ ಪರೀಕ್ಷೆ ಬರೆದವರಿಗೆಲ್ಲ ‘ಸಂದರ್ಭ, ಸ್ವಾರಸ್ಯ’ದ ಪ್ರಶ್ನೆ ನೆನಪಿರುತ್ತದೆ. ಪಾಠದ ಒಂದು ಮಾತನ್ನು ಕೊಟ್ಟಿರುತ್ತಾರೆ. ಅದನ್ನು ಯಾವ ಪಾಠದಿಂದ ಆಯ್ದಿದೆ, ಯಾರು ಯಾರಿಗೆ ಯಾವಾಗ ಹೇಳಿದ್ದು, ಅದರ ಸ್ವಾರಸ್ಯವೇನು ಎಂದು ಬರೆಯಬೇಕು. ಹದಿನೈದು ವರ್ಷದ ಮಕ್ಕಳು ಇದನ್ನು ಸಲೀಸಾಗಿ ಮಾಡುತ್ತಾರೆ. ಅದೇ ಮಕ್ಕಳು ಮುಂದೆ ಕನ್ನಡ ಎಂ.ಎ. ಸೇರಿ ಒಂದು ಕಥೆಯ ಬಗ್ಗೆ ವಿಮರ್ಶೆ ಬರೆಯಲು ಕೂತಾಗ, ಕಥೆಯಿಂದ ಆರು ಸಾಲು ಎತ್ತಿ ಬರೆದು ಸುಮ್ಮನಾಗುತ್ತಾರೆ. ಆಯ್ಕೆ ಅವರದೇ ಆದಾಗ ಸಂದರ್ಭವೂ ಸ್ವಾರಸ್ಯವೂ ಬಿಟ್ಟುಹೋಗುತ್ತವೆ.

ಇದು ಹೇಗಾಗುತ್ತದೆ ಎಂದು ನೋಡಲು, ಈ ಲೇಖನಕ್ಕೆಂದೇ ನಾನು ಬರೆದುಕೊಂಡ ಕೆಲವು ಸಾಲುಗಳು ಇಲ್ಲಿವೆ. ಒಂದು ಸಣ್ಣಕಥೆಯ ನಡುವಿನ ಭಾಗ ಎಂದುಕೊಳ್ಳಿ:

“ಅಂಚೆಯವನು ಪತ್ರ ಕೊಟ್ಟು ಹೋದ. ಅವ್ವ ಅದನ್ನು ಒಡೆಯಲಿಲ್ಲ. ಗೋಡೆಯ ಗೂಡಿನಲ್ಲಿ, ಕುಂಕುಮದ ಭರಣಿಯ ಪಕ್ಕದಲ್ಲಿ ಇಟ್ಟಳು. ‘ಒಲೆ ಆರುತ್ತಿದೆ’ ಎಂದಳು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು. ಸಂಜೆಯವರೆಗೂ ಅವಳು ಗೂಡಿನ ಕಡೆ ತಿರುಗಲಿಲ್ಲ.”

ಇದರ ಬಗ್ಗೆ ಸಾಮಾನ್ಯವಾಗಿ ಬರುವ ಪ್ಯಾರಾ ಹೀಗಿರುತ್ತದೆ: ‘ಈ ಕಥೆಯಲ್ಲಿ ತಾಯಿಯ ತಳಮಳವು ಚೆನ್ನಾಗಿ ಚಿತ್ರಿತವಾಗಿದೆ’ ಎಂಬ ಒಂದು ವಾಕ್ಯ, ಅದರ ಕೆಳಗೆ ಮೇಲಿನ ಆರೂ ಸಾಲುಗಳು, ಅದಾದ ಮೇಲೆ ‘ಹೀಗೆ ಲೇಖಕರು ತಾಯಿಯ ತಳಮಳವನ್ನು ಮನಮುಟ್ಟುವಂತೆ ಚಿತ್ರಿಸಿದ್ದಾರೆ’ ಎಂಬ ಇನ್ನೊಂದು ವಾಕ್ಯ. ಮೊದಲನೆಯದೂ ಕೊನೆಯದೂ ಒಂದೇ ಮಾತು. ನಡುವಿನ ಉಲ್ಲೇಖದಿಂದ ಆ ಮಾತು ಒಂದಿಂಚೂ ಮುಂದೆ ಹೋಗಿಲ್ಲ. ತಳಮಳ ಇರುವುದು ಯಾವ ಪದದಲ್ಲಿ, ಅದು ನಮಗೆ ತಿಳಿದದ್ದು ಹೇಗೆ ಎಂಬುದನ್ನು ಓದುಗನೇ ಹುಡುಕಿಕೊಳ್ಳಬೇಕು. ಇನ್ನು ಕೆಲವರು ವಿವರಿಸಲು ಹೊರಟು, ‘ಅಂದರೆ ತಾಯಿ ಪತ್ರವನ್ನು ಓದದೆ ಗೂಡಿನಲ್ಲಿಟ್ಟಳು’ ಎಂದು ಬರೆಯುತ್ತಾರೆ. ಕಥೆ ಆಗಲೇ ಹೇಳಿದ್ದನ್ನು ಬೇರೆ ಮಾತಿನಲ್ಲಿ ಮತ್ತೆ ಹೇಳಿದಂತಾಯಿತೇ ಹೊರತು ಅದು ವಿವರಣೆಯಾಗಲಿಲ್ಲ.

ಕೆಲಸ ಶುರುವಾಗಬೇಕಾದದ್ದು ಉಲ್ಲೇಖಕ್ಕಿಂತ ಮುಂಚೆ. ನಾನು ಏನನ್ನು ವಾದಿಸುತ್ತಿದ್ದೇನೆ ಎಂಬುದು ಒಂದು ವಾಕ್ಯದಲ್ಲಿ ಗಟ್ಟಿಯಾಗಬೇಕು. ‘ತಾಯಿಗೆ ತಳಮಳವಿದೆ’ ಎಂಬುದು ಕಥೆ ಓದಿದ ಯಾರಿಗಾದರೂ ಕಾಣುವ ಸಂಗತಿ. ಅದನ್ನು ಸಾಧಿಸಲು ಉಲ್ಲೇಖವೇ ಬೇಕಿಲ್ಲ. ‘ಅವ್ವನ ಭಯವನ್ನು ನಿರೂಪಕ ಹೆಸರಿಸುವುದಿಲ್ಲ, ಅವಳ ಒಂದು ಸಣ್ಣ ಸುಳ್ಳಿನ ಮೂಲಕ ಕಾಣಿಸುತ್ತಾನೆ’ ಎಂದರೆ ಅದು ವಾದ. ಒಪ್ಪದವರೂ ಇರಬಹುದು, ಹಾಗಾಗಿ ಆಧಾರ ಬೇಕು. ವಾದ ಇಷ್ಟು ಖಚಿತವಾದ ಮೇಲೆ ಆರು ಸಾಲಿನಲ್ಲಿ ಎಷ್ಟು ಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಅಂಚೆಯವನು ಬೇಡ, ಗೂಡು ಬೇಡ. ಒಲೆಯ ಬಗೆಗಿನ ಎರಡು ತುಣುಕು ಸಾಕು. ಪ್ಯಾರಾ ಆಗ ಹೀಗೆ ಬೆಳೆಯುತ್ತದೆ:

“ಅವ್ವನ ಭಯವನ್ನು ನಿರೂಪಕ ಎಲ್ಲಿಯೂ ಹೆಸರಿಸುವುದಿಲ್ಲ, ಅವಳ ಒಂದು ಸಣ್ಣ ಸುಳ್ಳಿನ ಮೂಲಕ ಕಾಣಿಸುತ್ತಾನೆ. ಬಂದ ಪತ್ರವನ್ನು ಒಡೆಯದೆ ಎತ್ತಿಟ್ಟವಳು, ಯಾರೂ ಕೇಳದಿದ್ದರೂ ‘ಒಲೆ ಆರುತ್ತಿದೆ’ ಎಂದು ನೆಪ ಹೇಳುತ್ತಾಳೆ. ಮುಂದಿನ ವಾಕ್ಯದಲ್ಲೇ ಆ ಒಲೆ ‘ಚೆನ್ನಾಗಿಯೇ ಉರಿಯುತ್ತಿತ್ತು’ ಎಂದು ತಿಳಿಯುತ್ತದೆ. ‘ಚೆನ್ನಾಗಿ’ ಎಂದಷ್ಟೇ ಇದ್ದಿದ್ದರೆ ಅದು ಒಲೆಯ ವರ್ಣನೆಯಾಗುತ್ತಿತ್ತು. ‘ಚೆನ್ನಾಗಿಯೇ’ ಎಂದದ್ದರಿಂದ ಅವಳ ಮಾತನ್ನು ಅಲ್ಲಗಳೆದಂತಾಗುತ್ತದೆ. ಆದರೆ ಅವಳು ಹಾಗೇಕೆ ಹೇಳಿದಳು ಎಂದು ನಿರೂಪಕ ಹೇಳುವುದಿಲ್ಲ. ಆ ಕಾರಣವನ್ನು ನಾವೇ ಊಹಿಸಿಕೊಳ್ಳುವಾಗ, ಪತ್ರದ ಹೆದರಿಕೆ ನಮಗೂ ತಟ್ಟುತ್ತದೆ.”

ಇಲ್ಲಿ ಎತ್ತಿಕೊಂಡದ್ದು ನಾಲ್ಕು ಪದ ಮಾತ್ರ. ಅವುಗಳಿಗೆ ಮೊದಲು ಸಂದರ್ಭ ಬಂದಿದೆ, ಆದರೆ ‘ಈ ಮಾತನ್ನು ತಾಯಿಯು ಇಂಥ ಸಂದರ್ಭದಲ್ಲಿ ಹೇಳಿದಳು’ ಎಂಬ ಪರೀಕ್ಷೆಯ ವಾಕ್ಯವಾಗಿ ಅಲ್ಲ. ‘ಒಡೆಯದೆ ಎತ್ತಿಟ್ಟವಳು’ ಎಂಬ ಒಂದೇ ಕೃದಂತದಲ್ಲಿ ಅದು ಅಡಗಿ ಕೂತಿದೆ. ಕನ್ನಡದಲ್ಲಿ ಉಲ್ಲೇಖ ಮೊದಲು, ‘ಎಂದು’ ಆಮೇಲೆ, ಕ್ರಿಯಾಪದ ಕೊನೆಗೆ ಬರುತ್ತದೆ. ಇದು ಬರೆಯುವವನಿಗೆ ಒಂದು ಅನುಕೂಲ. ‘ಎಂದು ಹೇಳುತ್ತಾಳೆ’ ಎಂದು ಮುಗಿಸುವ ಬದಲು ‘ಎಂದು ನೆಪ ಹೇಳುತ್ತಾಳೆ’ ಎಂದರೆ ಆ ಕ್ರಿಯಾಪದದಲ್ಲೇ ವಿವರಣೆ ಆರಂಭವಾಗಿಬಿಡುತ್ತದೆ. ಅದೇ ರೀತಿ ‘ಎಂಬ’ ಬಳಸಿದರೆ ಉಲ್ಲೇಖವನ್ನು ಒಂದು ನಾಮಪದಕ್ಕೆ ಕಟ್ಟಬಹುದು: ‘ಒಲೆ ಆರುತ್ತಿದೆ’ ಎಂಬ ಸುಳ್ಳು, ಎಂಬ ನೆಪ, ಎಂಬ ತಪ್ಪಿಸಿಕೊಳ್ಳುವಿಕೆ. ಮೂರೂ ಬೇರೆ ಬೇರೆ ಓದುಗಳು. ಯಾವುದನ್ನು ಆರಿಸಿಕೊಂಡೆವೋ ಅದನ್ನು ಮುಂದಿನ ವಾಕ್ಯಗಳಲ್ಲಿ ಸಮರ್ಥಿಸಬೇಕು.

ಉದ್ಧರಣ ಚಿಹ್ನೆಯ ಬಗ್ಗೆ ನಮ್ಮಲ್ಲಿ ಉದಾಸೀನ ಹೆಚ್ಚು. ‘ಅವನು ನಾನು ಬರುವುದಿಲ್ಲ ಎಂದ’ ಎಂಬ ವಾಕ್ಯ ಚಿಹ್ನೆಯಿಲ್ಲದೆಯೂ ಕನ್ನಡದಲ್ಲಿ ಸರಾಗವಾಗಿ ನಡೆಯುತ್ತದೆ. ಮಾತಿನಲ್ಲಿ ಅದರಿಂದ ತೊಂದರೆಯಿಲ್ಲ. ವಿಮರ್ಶೆಯಲ್ಲಿ ಮಾತ್ರ, ಕೃತಿಯ ಪದ ಎಲ್ಲಿಗೆ ಮುಗಿದು ನಮ್ಮ ಪದ ಎಲ್ಲಿ ಶುರುವಾಯಿತು ಎಂಬುದೇ ತಿಳಿಯದೆ ಹೋಗುತ್ತದೆ. ಸಂಧಿಯಿಂದಲೂ ಇದೇ ಗೊಂದಲ. ‘ಆರುತ್ತಿದೆಯೆಂದು’ ಎಂದು ಸೇರಿಸಿ ಬರೆದರೆ ಚಿಹ್ನೆ ಹಾಕಲು ಜಾಗವೇ ಉಳಿಯುವುದಿಲ್ಲ. ‘ಎಂದು’, ‘ಎಂಬ’ಗಳನ್ನು ಬಿಡಿಸಿ, ಚಿಹ್ನೆಯ ಹೊರಗಿಟ್ಟು ಬರೆಯುವುದೇ ಲೇಸು.

ಚಿಕ್ಕದಾಗಿ ಕತ್ತರಿಸುವುದರಲ್ಲಿ ಒಂದು ದೊಡ್ಡ ಅಪಾಯವಿದೆ. ‘ಒಲೆ ಆರುತ್ತಿದೆ’ ಎಂಬಷ್ಟನ್ನೇ ಎತ್ತಿಕೊಂಡು, ‘ಮನೆಗೆಲಸದಲ್ಲಿ ಮುಳುಗಿದ ಅವ್ವನಿಗೆ ಪತ್ರ ಓದಲೂ ಪುರುಸೊತ್ತಿಲ್ಲ’ ಎಂದು ಒಬ್ಬರು ಬರೆಯಬಹುದು. ಉಲ್ಲೇಖದಲ್ಲಿ ಅಕ್ಷರವೂ ತಪ್ಪಿಲ್ಲ, ಆದರೂ ಓದು ಪೂರ್ತಿ ತಲೆಕೆಳಗಾಗಿದೆ, ಏಕೆಂದರೆ ಅದನ್ನು ಅಲ್ಲಗಳೆಯುವ ಪಕ್ಕದ ವಾಕ್ಯ ಹೊರಗುಳಿದಿದೆ. ಪ್ಯಾರಾ ಬರೆದು ಮುಗಿಸಿದ ಮೇಲೆ ಮೂಲಕ್ಕೆ ಹಿಂತಿರುಗಿ, ಎತ್ತಿಕೊಂಡ ತುಣುಕಿನ ಹಿಂದಿನ ಒಂದು ವಾಕ್ಯ, ಮುಂದಿನ ಒಂದು ವಾಕ್ಯ ಓದಿದರೆ ಈ ತಪ್ಪು ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ. ಉಲ್ಲೇಖ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು, ಅದನ್ನು ಬೆರಳಿನಿಂದ ಮುಚ್ಚಿ ಪ್ಯಾರಾ ಓದಿ. ಏನೂ ಕೊರತೆ ಕಾಣದಿದ್ದರೆ ಅದು ಅಲ್ಲಿ ಬೇಕಿರಲಿಲ್ಲ.

ಚಿಕ್ಕ ಉಲ್ಲೇಖ ಎಲ್ಲ ಕಡೆಗೂ ಹೊಂದುವುದಿಲ್ಲ. ಭಾಮಿನಿ ಷಟ್ಪದಿಯ ಪ್ರಾಸದ ಬಗ್ಗೆ ಮಾತನಾಡುವಾಗ ಒಂದು ಪದ ಕಿತ್ತು ತಂದು ಪ್ರಯೋಜನವಿಲ್ಲ. ಆರೂ ಪಾದಗಳ ಎರಡನೆಯ ಅಕ್ಷರ ಕಣ್ಣೆದುರಿಗೆ ಇರಬೇಕು. ಆಗ ಪದ್ಯವನ್ನು ಇಡಿಯಾಗಿ ಕೊಡಿ, ಆದರೆ ಕೆಳಗೆ ಬರೆಯುವಾಗ ಅದರ ಯಾವ ಪಾದ, ಯಾವ ಪದ ಎಂದು ಮತ್ತೆ ಬೆರಳಿಟ್ಟು ತೋರಿಸಿ.

ಇನ್ನು ವಿವರಣೆಯೇ ಅತಿಯಾಗುವುದೂ ಉಂಟು. ಮೇಲಿನ ಸಾಲುಗಳಲ್ಲಿ ಪತ್ರ ಹೋಗಿ ಕೂತದ್ದು ‘ಕುಂಕುಮದ ಭರಣಿಯ ಪಕ್ಕದಲ್ಲಿ’. ಇದನ್ನು ಕಂಡೊಡನೆ, ಪತ್ರ ಗಂಡನ ಸಾವಿನ ಸುದ್ದಿ ತಂದಿದೆ ಎಂದು ಬರೆಯುವ ಆಸೆ ಯಾರಿಗಾದರೂ ಆಗುತ್ತದೆ. ಕುಂಕುಮಕ್ಕೂ ಮುತ್ತೈದೆತನಕ್ಕೂ ಇರುವ ನಂಟು ಆ ಓದಿಗೆ ದಾರಿ ಮಾಡಿಕೊಡುತ್ತದೆ, ನಿಜ. ಆದರೆ ಈ ಆರು ಸಾಲಿನಲ್ಲಿ ಗಂಡನ ಸುಳಿವೇ ಇಲ್ಲ. ಗೂಡಿನಲ್ಲಿ ಭರಣಿ ಇರುವುದು ನಮ್ಮ ಹಳ್ಳಿಮನೆಗಳಲ್ಲಿ ತೀರ ಸಾಮಾನ್ಯ. ಇಲ್ಲಿ ವಿಮರ್ಶಕ ‘ಸೂಚಿಸುತ್ತಿರಬಹುದು’ ಎಂದಷ್ಟೇ ಹೇಳಿ, ಅವಳ ಗಂಡ ಕಥೆಯ ಬೇರೆ ಪುಟಗಳಲ್ಲಿ ಎಲ್ಲಾದರೂ ಬರುತ್ತಾನೆಯೇ ಎಂದು ಹುಡುಕಬೇಕು. ಬಂದರೆ ಆ ಪುಟದ ಎರಡು ಪದವನ್ನು ತಂದು ಇದರ ಪಕ್ಕದಲ್ಲಿಡಬೇಕು. ಬರದಿದ್ದರೆ ಭರಣಿಯನ್ನು ಅದರ ಪಾಡಿಗೆ ಬಿಟ್ಟು ಒಲೆಗೆ ಹಿಂತಿರುಗಬೇಕು.