ಪಥಖಂಡದ ಎನ್‌ಕೋಡಿಂಗ್

ಪಥಖಂಡದ ಎನ್‌ಕೋಡಿಂಗ್ ಎಂದರೆ ಜಾಲ ವಿಳಾಸದ (ಯುಆರ್‌ಎಲ್) ಪಥದೊಳಗೆ ದಾಖಲೆಯ ಗುರುತನ್ನು, ಅಂದರೆ ಐಡಿಯನ್ನು, ಸೇರಿಸುವ ಮೊದಲು ಅದರಲ್ಲಿರುವ ವಿಶೇಷ ಚಿಹ್ನೆಗಳನ್ನು ಸುರಕ್ಷಿತ ರೂಪಕ್ಕೆ ಬದಲಿಸುವ ಕ್ರಿಯೆ. ಐಡಿಯಲ್ಲಿ ಓರೆಗೆರೆ (`/`) ಅಥವಾ ಶೇಕಡಾ ಚಿಹ್ನೆ (`%`) ಇದ್ದು ಈ ಕ್ರಿಯೆ ನಡೆಯದಿದ್ದರೆ, ಸರ್ವರ್ ವಿಳಾಸವನ್ನು ತಪ್ಪಾಗಿ ಓದುತ್ತದೆ. ಆಗ ಪುಟ ಸಿಗದೆ ಹೋಗಬಹುದು, ಇಲ್ಲವೇ ಬೇರೆಯೇ ದಾಖಲೆ ಸಿಗಬಹುದು.

## ಹಿನ್ನೆಲೆ

ವಿಳಾಸಗಳ ರಚನೆಯನ್ನು 2005ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 3986 ಎಂಬ ಮಾನಕವು ವಿವರಿಸುತ್ತದೆ. ಅದರ ಪ್ರಕಾರ ಪಥವು ಓರೆಗೆರೆಗಳಿಂದ ಬೇರ್ಪಟ್ಟ ಖಂಡಗಳ ಸಾಲು. ಶೇಕಡಾ ಚಿಹ್ನೆಯ ನಂತರ ಎರಡು ಹದಿನಾರಂಶ ಅಂಕಿಗಳು ಬರಬೇಕು. ಈ ಮೂರೂ ಸೇರಿ ಒಂದು ಬೈಟನ್ನು ಸೂಚಿಸುತ್ತವೆ. ಓರೆಗೆರೆಯು `%2F` ಎಂದೂ ಶೇಕಡಾ ಚಿಹ್ನೆಯು `%25` ಎಂದೂ ಬರೆಯಲ್ಪಡುತ್ತದೆ. ಕನ್ನಡದ ‘ಕ’ ಅಕ್ಷರವು ಯುಟಿಎಫ್-8ರಲ್ಲಿ ಮೂರು ಬೈಟುಗಳಾದ್ದರಿಂದ `%E0%B2%95` ಆಗುತ್ತದೆ. ಕನ್ನಡ ಶೀರ್ಷಿಕೆಯ ಪುಟದ ವಿಳಾಸವನ್ನು ನಕಲಿಸಿದಾಗ ಇಂತಹ ಉದ್ದನೆಯ ಸಾಲು ಕಾಣುವುದು ಇದೇ ಕಾರಣಕ್ಕೆ.

## ಓರೆಗೆರೆಯಿಂದಾಗುವ ದೋಷ

ಸಂಶೋಧನಾ ಪ್ರಬಂಧಗಳನ್ನು ಗುರುತಿಸುವ ಡಿಒಐ ಸಂಖ್ಯೆಗಳಲ್ಲಿ ಓರೆಗೆರೆ ಕಡ್ಡಾಯವಾಗಿ ಇರುತ್ತದೆ. `10.1000/182` ಅಂತಹ ಒಂದು ಸಂಖ್ಯೆ. ಪ್ರಬಂಧಗಳನ್ನು ತೋರಿಸುವ ಒಂದು ತಂತ್ರಾಂಶದಲ್ಲಿ `/papers/:id` ಎಂಬ ರೂಟ್ ಇದೆ ಎಂದು ಭಾವಿಸೋಣ. ಇಲ್ಲಿ `:id` ಒಂದೇ ಒಂದು ಖಂಡಕ್ಕೆ ಹೊಂದುತ್ತದೆ. ಸಂಖ್ಯೆಯನ್ನು ಹಾಗೆಯೇ ಜೋಡಿಸಿದರೆ ವಿಳಾಸವು `/papers/10.1000/182` ಆಗುತ್ತದೆ. ಇದರಲ್ಲಿ ಎರಡರ ಬದಲು ಮೂರು ಖಂಡಗಳಿರುವುದರಿಂದ ರೂಟ್ ಹೊಂದದೆ 404 ದೋಷ ಬರುತ್ತದೆ. ದಾಖಲೆಯು ದತ್ತಸಂಚಯದಲ್ಲಿದ್ದರೂ ಅದನ್ನು ಹುಡುಕುವ ಹಂತಕ್ಕೆ ಕೋರಿಕೆ ತಲುಪಿರುವುದೇ ಇಲ್ಲ.

ಓರೆಗೆರೆಯೇ ತಪ್ಪು ಎಂದು ಇದರ ಅರ್ಥವಲ್ಲ. `https://doi.org/10.1000/182` ಎಂಬ ವಿಳಾಸ ಸರಿಯಾಗಿ ಕೆಲಸ ಮಾಡುತ್ತದೆ. ಆ ತಾಣವು ಪಥವನ್ನು ಇಡಿಯಾಗಿ ಒಂದು ಸಂಖ್ಯೆಯೆಂದು ಸ್ವೀಕರಿಸುವುದೇ ಇದಕ್ಕೆ ಕಾರಣ.

## ಶೇಕಡಾ ಚಿಹ್ನೆಯಿಂದಾಗುವ ದೋಷ

ಐಡಿಯು `50%` ಆಗಿದ್ದರೆ, ಚಿಹ್ನೆಯ ನಂತರ ಅಂಕಿಗಳಿಲ್ಲದ ಕಾರಣ ಡಿಕೋಡಿಂಗ್ ವಿಫಲವಾಗುತ್ತದೆ. ಎಕ್ಸ್‌ಪ್ರೆಸ್ ಚೌಕಟ್ಟು ಇಂತಹ ಕೋರಿಕೆಗೆ 400 ದೋಷವನ್ನು ಹಿಂದಿರುಗಿಸುತ್ತದೆ. ಈ ದೋಷವು ಕಣ್ಣಿಗೆ ಕಾಣುವುದರಿಂದ ಪತ್ತೆಹಚ್ಚುವುದು ಸುಲಭ.

ಐಡಿಯು `20%41` ಆಗಿದ್ದರೆ ಅಪಾಯ ಹೆಚ್ಚು. `%41` ಎಂಬುದು `A` ಅಕ್ಷರದ ಸಂಕೇತವಾದ್ದರಿಂದ ಸರ್ವರ್‌ಗೆ `20A` ಎಂಬ ಐಡಿ ತಲುಪುತ್ತದೆ. ಆ ಹೆಸರಿನ ಇನ್ನೊಂದು ದಾಖಲೆ ಇದ್ದರೆ ಯಾವ ದೋಷಸೂಚನೆಯೂ ಇಲ್ಲದೆ ಅದೇ ತೆರೆಯುತ್ತದೆ. ಕೋರಿಕೆಯು ಅಳಿಸುವಿಕೆಗೆ ಸಂಬಂಧಿಸಿದ್ದಾದರೆ ಅಳಿದುಹೋಗುವುದೂ ಅದೇ.

## ಪರಿಹಾರ

ಪ್ರತಿ ಖಂಡವನ್ನು ಪ್ರತ್ಯೇಕವಾಗಿ ಎನ್‌ಕೋಡ್ ಮಾಡಿ, ಆ ಬಳಿಕ ಜೋಡಿಸಬೇಕು.

```
fetch('/papers/' + encodeURIComponent(id))
```

ಆಗ ಮೇಲಿನ ಐಡಿಗಳು `10.1000%2F182`, `50%25` ಮತ್ತು `20%2541` ಆಗುತ್ತವೆ. ಜಾವಾಸ್ಕ್ರಿಪ್ಟ್‌ನ `encodeURI` ಇಲ್ಲಿ ಸಾಲದು. ಅದು ಇಡೀ ವಿಳಾಸಕ್ಕಾಗಿ ಇರುವುದರಿಂದ ಓರೆಗೆರೆಯನ್ನು ಬದಲಿಸುವುದಿಲ್ಲ. ಪೈಥಾನ್‌ನ `quote` ಕೂಡ ಓರೆಗೆರೆಯನ್ನು ಬಿಟ್ಟುಬಿಡುತ್ತದೆ. ಆದ್ದರಿಂದ `quote(id, safe='')` ಎಂದು ಬರೆಯಬೇಕು.

ಸರ್ವರ್‌ನಲ್ಲಿ ಕ್ರಮವು ತಿರುವುಮುರುವಾಗಿರುತ್ತದೆ: ಮೊದಲು ಪಥವನ್ನು ಖಂಡಗಳಾಗಿ ಒಡೆದು, ನಂತರ ಪ್ರತಿ ಖಂಡವನ್ನು ಒಮ್ಮೆ ಮಾತ್ರ ಡಿಕೋಡ್ ಮಾಡಬೇಕು. ಎರಡು ಬಾರಿ ಮಾಡಿದರೆ `20%2541` ಮೊದಲು `20%41` ಆಗಿ, ಅನಂತರ `20A` ಆಗಿಬಿಡುತ್ತದೆ.

## ಮಿತಿಗಳು

ಎನ್‌ಕೋಡಿಂಗ್ ಸರಿಯಾಗಿದ್ದರೂ ನಡುವಿನ ಸರ್ವರ್ ಅಡ್ಡಿಯಾಗಬಹುದು. ಅಪಾಚೆ ಸರ್ವರ್‌ನಲ್ಲಿ `AllowEncodedSlashes` ಆಯ್ಕೆಯ ಪೂರ್ವನಿಯೋಜಿತ ಮೌಲ್ಯ `Off`. ಆ ಸ್ಥಿತಿಯಲ್ಲಿ ಪಥದಲ್ಲಿ `%2F` ಇರುವ ಕೋರಿಕೆಗೆ 404 ಉತ್ತರ ಬರುತ್ತದೆ. ಅದನ್ನು `NoDecode` ಎಂದು ಬದಲಿಸಿದರೆ `%2F` ಹಾಗೆಯೇ ಮುಂದೆ ಸಾಗುತ್ತದೆ. ತಂತ್ರಾಂಶವು ಅಭಿವೃದ್ಧಿಗಾರರ ಗಣಕದಲ್ಲಿ ಸರಿಯಾಗಿದ್ದು ಸರ್ವರ್‌ನಲ್ಲಿ ಮಾತ್ರ ವಿಫಲವಾದರೆ ಇಂತಹ ಸಂಯೋಜನೆಯನ್ನು ಪರಿಶೀಲಿಸಬೇಕು.

ಐಡಿಯು `..` ಆಗಿದ್ದರೆ ಎನ್‌ಕೋಡಿಂಗ್‌ನಿಂದಲೂ ಪ್ರಯೋಜನವಿಲ್ಲ. ಬಿಂದುವು ಬದಲಾಗದ ಚಿಹ್ನೆಯಾಗಿದ್ದು, ಬ್ರೌಸರ್ ಅದನ್ನು ‘ಹಿಂದಿನ ಹಂತಕ್ಕೆ ಹೋಗು’ ಎಂದೇ ಅರ್ಥೈಸುತ್ತದೆ. ಐಡಿಗಳನ್ನು ಬಳಕೆದಾರರೇ ರಚಿಸುವ ವ್ಯವಸ್ಥೆಗಳಲ್ಲಿ ಅವನ್ನು ಪಥದಲ್ಲಿಡದೆ, ವಿಳಾಸದ ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗದಲ್ಲಿ ಎನ್‌ಕೋಡ್ ಮಾಡಿ ಕಳುಹಿಸುವುದು ಅಥವಾ ಅಂಕಿಗಳಷ್ಟೇ ಇರುವ ಪ್ರತ್ಯೇಕ ಐಡಿಯನ್ನು ಬಳಸುವುದು ಇದಕ್ಕೆ ಪರ್ಯಾಯ.